ದುರ್ಗದ ಕೋಟೆ ಬಾಗಿಲಿನ ಫೋಟೋ: ಈ ಕಮಾನು, ಕಂಬ, ಗುಮ್ಮಟ ಯಾವ ಶೈಲಿಯವು?

ಶಾಲೆಯಂಗಳ

ಚಿತ್ರದುರ್ಗ ಕೋಟೆಯ ಒಳಸುತ್ತಿನ ಒಂದು ಬಾಗಿಲಿನ ಎರಡು ಫೋಟೋ ಹಾಕಿದ್ದೇನೆ. ಮೊದಲನೆಯದು ಹೊರಗಿನಿಂದ ನೇರ ಎದುರಿಗೆ ನಿಂತು ತೆಗೆದದ್ದು. ಚೂಪು ತುದಿಯ ಕಮಾನು, ಎರಡೂ ಕಡೆ ಕೊತ್ತಳ, ಕಮಾನಿನೊಳಗೆ ನೆರಳಿನಲ್ಲಿ ನಾಲ್ಕು ಕಂಬಗಳ ಜಗಲಿ, ಗೋಡೆಯ ನೆತ್ತಿಯ ಮೇಲೆ ದುಂಡಗಿನ ಗುಮ್ಮಟ. ಎರಡನೆಯದು ಜಗಲಿಯ ಮೇಲೆ ನಿಂತು ಛಾವಣಿಯತ್ತ ಕ್ಯಾಮೆರಾ ಎತ್ತಿ ತೆಗೆದದ್ದು. ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಈ ಬಾಗಿಲಿನ ದೊಡ್ಡ ಚಿತ್ರ ಬರೆದು, ಪ್ರತಿ ಭಾಗಕ್ಕೂ ಬಾಣದ ಗುರುತು ಹಾಕಿ ವಿವರಣೆ ಕೊಡಬೇಕು. "ಹಿಂದೂ ಶೈಲಿ", "ಇಸ್ಲಾಮಿ ಶೈಲಿ" ಎಂದು ಎರಡು ಬಣ್ಣದ ಚೀಟಿ ಅಂಟಿಸುವ ಆಲೋಚನೆ ಇತ್ತು. ಯಾವುದಕ್ಕೆ ಯಾವ ಚೀಟಿ? ತಿಳಿದವರು ಹೇಳಿ.

ಏಳುಸುತ್ತು

ಸುಲಭ, ಮೇಡಂ. ಕಂಬ ನಮ್ಮ ನಾಯಕರದ್ದು, ಕಮಾನು ಹೈದರಾಲಿಯದ್ದು. ಹೈದರ್ 1779ರಲ್ಲಿ ದುರ್ಗ ಗೆದ್ದ ಮೇಲೆ ಕೋಟೆಯನ್ನು ಭದ್ರಪಡಿಸಿದ, ಹಳೆಯ ಬಾಗಿಲುಗಳ ಮುಂದೆ ಕಮಾನು ಕಟ್ಟಿಸಿದ. ಪಾಳೆಯಗಾರರ ಕಾಲದಲ್ಲಿ ಕಮಾನು ಕಟ್ಟುವ ವಿದ್ಯೆ ಇರಲಿಲ್ಲ. ಅವರದು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಗುಮ್ಮಟವೂ ಅದೇ ಲೆಕ್ಕ. ಕಮಾನಿನ ನೆತ್ತಿಯ ಕಲ್ಲೊಂದನ್ನು ತೆಗೆದರೆ ಇಡೀ ಬಾಗಿಲು ಕೆಳಗೆ, ಅಂಥ ಚಾತುರ್ಯ ಅದು.

ಪ್ರವಾಸಿ ದಾವಣಗೆರೆ

ಕೋಟೆ ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತಾರೆ? ವಯಸ್ಸಾದವರನ್ನು ಈ ಬಾಗಿಲಿನವರೆಗೆ ಕರೆದುಕೊಂಡು ಹೋಗಬಹುದೇ, ಮೆಟ್ಟಿಲು ಹೆಚ್ಚಿವೆಯೇ?

ಶಾಲೆಯಂಗಳ

ಒಳಸುತ್ತಿನ ಬಾಗಿಲು, ಸರ್. ಏರು ಇದೆ, ಬಿಸಿಲೇರುವ ಮುನ್ನ ನಿಧಾನವಾಗಿ ಬಂದರೆ ಆದೀತು. ಸಮಯದ ಪ್ರಶ್ನೆಗೆ ಪ್ರವಾಸದ ವಿಭಾಗದಲ್ಲಿ ಉತ್ತರ ಬೇಗ ಸಿಗುತ್ತದೆ.

ಸಂದುಗೊಂದು

ಮೇಡಂ, ಚೀಟಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಕೆಲಸ. ಬಾಗಿಲನ್ನು ಓದುವಾಗ ನಾನು ಮೊದಲು ನೋಡುವುದು ಆಕಾರವನ್ನಲ್ಲ, ಕಲ್ಲು ಕಲ್ಲಿನ ನಡುವಿನ ಸಂದನ್ನು. ಆಕಾರ ಮೋಸ ಮಾಡುತ್ತದೆ. ಒಂದೇ ಉದ್ದನೆಯ ಚಪ್ಪಡಿಯ ಕೆಳ ಅಂಚನ್ನು ಬಾಗಿಸಿ ಕೆತ್ತಿ ಕಮಾನಿನಂತೆ ತೋರಿಸಿದ ಬಾಗಿಲುಗಳಿವೆ. ಎರಡೂ ಕಡೆಯಿಂದ ಸಾಲು ಸಾಲಾಗಿ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಮುಂದೆ ಚಾಚುತ್ತಾ ಹೋಗಿ ನಡುವೆ ಕೂಡಿಸಿದವೂ ಇವೆ. ದೂರದಿಂದ ಮೂರೂ ಕಮಾನೇ. ಚಾಚಿದ ಕಲ್ಲಿನದರಲ್ಲಿ ಸಂದುಗಳೆಲ್ಲ ನೆಲಕ್ಕೆ ಸಮನಾಗಿ ಅಡ್ಡ ಮಲಗಿರುತ್ತವೆ. ನಿಜವಾದ ಕಮಾನಿನಲ್ಲಿ ಪ್ರತಿ ಕಲ್ಲೂ ಬೆಣೆಯಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಸಂದುಗಳು ಓರೆಯಾಗಿ, ಯಾವುದೋ ಒಂದು ಬಿಂದುವಿನತ್ತ ಬೆರಳು ತೋರಿಸುತ್ತವೆ.

ನಿಮ್ಮ ಮೊದಲ ಫೋಟೋವನ್ನು ದೊಡ್ಡದು ಮಾಡಿ, ಬಾಗಿಲಿನ ಅಗಲ ಕಾಗದದ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಬರುವಂತೆ ಮುದ್ರಿಸಿದೆ. ಎಡ ಅರ್ಧದ ಸಂದುಗಳ ಮೇಲೆ ಅಡಿಕೋಲಿಟ್ಟು ಪೆನ್ಸಿಲ್ ಗೆರೆಗಳನ್ನು ಮುಂದುವರಿಸಿದೆ. ಅವು ಒಂದನ್ನೊಂದು ಕೂಡಿದ್ದು ಬಾಗಿಲಿನ ನಡುವಿನಲ್ಲಲ್ಲ, ನಡುವನ್ನು ದಾಟಿ ಬಲಕ್ಕೆ: ಎಡ ಬುಡದಿಂದ ಸುಮಾರು 6 ಸೆಂಟಿಮೀಟರ್ ದೂರದಲ್ಲಿ. ಬಲ ಅರ್ಧದ ಗೆರೆಗಳು ಅದೇ ರೀತಿ ನಡುವಿನಿಂದ ಎಡಕ್ಕೆ ಕೂಡಿದವು. ಅಂದರೆ ಈ ಕಮಾನನ್ನು ಎರಡು ಗೂಟ ನೆಟ್ಟು, ಎರಡು ಸಲ ದಾರ ತಿರುಗಿಸಿ ಗುರುತು ಮಾಡಿದ್ದಾರೆ. ಗೂಟ ಒಂದೇ ಆಗಿದ್ದರೆ ಅರ್ಧ ವೃತ್ತ ಬರುತ್ತಿತ್ತು, ಚೂಪು ತುದಿ ಬರುತ್ತಿರಲಿಲ್ಲ.

ಇದು ಸರಿಯೇ ಎಂದು ನೋಡಲು ಎತ್ತರ ಅಳೆಯಬೇಕು. ದಾರದ ಉದ್ದ 6, ಗೂಟ ನಡುವಿನಿಂದ 1 ಆಚೆ. 36ರಲ್ಲಿ 1 ಕಳೆದರೆ 35, ಅದರ ವರ್ಗಮೂಲ 5.9. ಕಾಗದದ ಮೇಲೆ ಕಮಾನಿನ ಬುಡದಿಂದ ತುದಿಗೆ ಅಳೆದರೆ 6ಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಅರ್ಧ ವೃತ್ತವಾಗಿದ್ದರೆ 5 ಬರಬೇಕಿತ್ತು. ಹಾಗಾಗಿ ಇದು ದಾರ ಹಿಡಿದು ಕಟ್ಟಿದ ನಿಜವಾದ ಚೂಪುಗಮಾನು. ನೀವು ಫೋಟೋವನ್ನು ನೇರ ಎದುರಿನಿಂದ ತೆಗೆದದ್ದು ಒಳ್ಳೆಯದಾಯಿತು. ಕ್ಯಾಮೆರಾ ಮೇಲಕ್ಕೆ ವಾಲಿದ್ದರೆ ಈ ಲೆಕ್ಕವೆಲ್ಲ ಕೆಡುತ್ತಿತ್ತು.

ಏಳುಸುತ್ತು

ನಿಜವಾದ ಕಮಾನು ಎಂದು ನೀವೇ ಹೇಳಿದಿರಿ. ಹಾಗಾದರೆ ನಾನು ಹೇಳಿದ್ದೇ ಆಯಿತಲ್ಲ, ಹೈದರನ ಕಾಲದ್ದು.

ಸಂದುಗೊಂದು

ಕಟ್ಟಿದ ವಿಧಾನ ಒಂದು ಪ್ರಶ್ನೆ, ಕಟ್ಟಿದ ಕಾಲ ಇನ್ನೊಂದು ಪ್ರಶ್ನೆ, ಸರ್. ಚೂಪುಗಮಾನು ದಖ್ಖನಿಗೆ ಸುಲ್ತಾನರ ಆಳ್ವಿಕೆಯೊಂದಿಗೆ ಹರಡಿತು ಎಂಬುದು ಸರಿ. ಗುಲ್ಬರ್ಗ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ನೋಡಿದವರಿಗೆ ಅದರಲ್ಲಿ ಸಂದೇಹ ಬರುವುದಿಲ್ಲ. ಆದರೆ ಅದು ಹೈದರನವರೆಗೆ ಅಲ್ಲೇ ಕಾದು ಕುಳಿತಿರಲಿಲ್ಲ. ಹಂಪಿಯ ಕಮಲ ಮಹಲು, ಆನೆ ಲಾಯಗಳಲ್ಲಿ ಕಮಾನು ಧಾರಾಳವಾಗಿದೆ, ಹಂಪಿ ಹಾಳಾದದ್ದು 1565ರಲ್ಲಿ. ದುರ್ಗದ ನಾಯಕರು ವಿಜಯನಗರಕ್ಕೆ ಅಧೀನರಾಗಿದ್ದವರು. ಅಲ್ಲಿ ಕಂಡದ್ದು ಅವರಿಗೆ ತಿಳಿಯದೆ ಇರುತ್ತದೆಯೇ? ನಿಮ್ಮ ಪಕ್ಕದ ಜಿಲ್ಲೆಯ ಸಂತೇಬೆನ್ನೂರಿಗೆ ಹೋಗಿ. ಪಾಳೆಯಗಾರ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯ ನಡುವೆ ವಸಂತ ಮಂಟಪವಿದೆ. ನಾಯಕನ ಮಂಟಪ, ಕಮಾನುಗಳ ಕಟ್ಟಡ.

ಇದರ ತಿರುಗುಮುರುಗೂ ಇದೆ. ಹಂಪಿಯಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಪೂರಾ ಕಂಬ ಮತ್ತು ತೊಲೆಯದು. ಆದ್ದರಿಂದ ಮೇಡಂ, ನಿಮ್ಮ ಎರಡು ಬಣ್ಣದ ಚೀಟಿ ಈ ಸೀಮೆಯ ಕಟ್ಟಡಗಳಿಗೆ ಅಂಟುವುದಿಲ್ಲ. ಕಟ್ಟುವ ವಿಧಾನದ ಪ್ರಕಾರ ಚೀಟಿ ಹಾಕಿ: ಒಂದು ಕಮಾನಿಗೆ, ಇನ್ನೊಂದು ಕಂಬ ಮತ್ತು ತೊಲೆಗೆ.

ನೆತ್ತಿಯ ಕಲ್ಲಿನ ಮಾತಿಗೂ ಒಂದು ತಿದ್ದುಪಡಿ. ಈ ಕಮಾನಿನಲ್ಲಿ ನೆತ್ತಿಯ ಕಲ್ಲೇ ಇಲ್ಲ. ತುದಿಯಲ್ಲಿ ಎರಡು ಕಲ್ಲುಗಳು ತಲೆಗೆ ತಲೆ ಕೊಟ್ಟು ನಿಂತಿವೆ, ನಡುವೆ ನೇರವಾದ ಸಂದು. ಯಾವ ಕಲ್ಲನ್ನು ತೆಗೆದರೂ ಕಮಾನಿಗೆ ಅಪಾಯವೇ. ಕೊನೆಯದಾಗಿ ಕೂರಿಸಿದ ಕಲ್ಲಿನ ವಿಶೇಷವೆಂದರೆ ಅದು ಕೂತ ಮೇಲೆ ಕೆಳಗಿನ ಮರದ ಆಸರೆಯನ್ನು ಬಿಚ್ಚಬಹುದು, ಅಷ್ಟೆ.

ಹೊಸಮನೆ ವಿದ್ಯಾನಗರ

ಕಮಾನಿನ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ದಾವಣಗೆರೆಯಲ್ಲಿ ಮನೆ ಕಟ್ಟಿಸಿದೆ. ಕಾಂಪೌಂಡ್ ಗೇಟಿನ ಮೇಲೆ ಇಟ್ಟಿಗೆಯ ಅರ್ಧ ವೃತ್ತದ ಕಮಾನು ಹಾಕಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಡುವಿನ ಕೆಳಭಾಗದಲ್ಲಿ ಬಿರುಕು ಬಿಟ್ಟಿದೆ. ಮೇಸ್ತ್ರಿ ಸಿಮೆಂಟು ಬಳಿದು ಹೋದ, ಮತ್ತೆ ಅಲ್ಲೇ ಬಿಟ್ಟಿತು. ಕೋಟೆಯದು ಇಷ್ಟು ವರ್ಷ ನಿಂತಿದೆ, ನಮ್ಮದು ಯಾಕೆ ನಿಲ್ಲಲಿಲ್ಲ?

ಸಂದುಗೊಂದು

ಕಮಾನಿನ ಹೊರಮೈಯನ್ನು ನೋಡಿ. ನಡುವಿನ ಕೆಳಗೆ ಬಿರುಕು ಬಿಟ್ಟಿರುವ ಹಾಗೆಯೇ ಎರಡೂ ಭುಜಗಳ ಮೇಲ್ಭಾಗದಲ್ಲಿಯೂ ಸಣ್ಣ ಬಿರುಕು ಇದೆಯೇ?

ಹೊಸಮನೆ ವಿದ್ಯಾನಗರ

ಏಣಿ ಹಾಕಿ ನೋಡಿದೆ. ಎಡಗಡೆ ಭುಜದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಬಲಗಡೆ ಬಣ್ಣದ ಪದರ ಎದ್ದಿದೆ.

ಸಂದುಗೊಂದು

ಹಾಗಾದರೆ ತಪ್ಪು ಕಮಾನಿನದಲ್ಲ, ಕಂಬಗಳದ್ದು. ಕಮಾನು ಭಾರವನ್ನು ಕೆಳಕ್ಕೆ ಮಾತ್ರ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಗೇಟಿನ ಕಂಬ ತೆಳ್ಳಗಿದ್ದರೆ ಅಥವಾ ಪಾಯ ಆಳವಿಲ್ಲದಿದ್ದರೆ ಅದು ಕೂದಲಿನಷ್ಟು ಹೊರಕ್ಕೆ ವಾಲುತ್ತದೆ. ಆಗ ಕಮಾನು ಅಗಲವಾಗಿ ನಡು ಕುಸಿಯುತ್ತದೆ: ನಡುವಿನಲ್ಲಿ ಕೆಳಗಡೆ ಬಾಯಿ ಬಿಡುತ್ತದೆ, ಭುಜಗಳಲ್ಲಿ ಮೇಲ್ಗಡೆ. ಸಿಮೆಂಟು ಬಳಿದರೆ ಪ್ರಯೋಜನವಿಲ್ಲ. ಎರಡು ಕಂಬಗಳನ್ನು ಕಮಾನಿನ ಬುಡದ ಮಟ್ಟದಲ್ಲಿ ಕಬ್ಬಿಣದ ಸರಳಿನಿಂದ ಬಿಗಿಯಬೇಕು, ಇಲ್ಲವೇ ಕಂಬಗಳಿಗೆ ಹೊರಗಿನಿಂದ ಆನಿಕೆ ಕೊಡಬೇಕು. ನೇರ ನೋಡಿದ ಎಂಜಿನಿಯರ್ ಒಬ್ಬರ ಮಾತು ಕೇಳಿ ಮಾಡಿಸಿ.

ಕೋಟೆಯ ಫೋಟೋದಲ್ಲಿ ಈ ತಳ್ಳುವಿಕೆಗೆ ಉತ್ತರ ಕಣ್ಣೆದುರೇ ಇದೆ, ಕಮಾನಿನ ಎರಡೂ ಕಡೆಯ ಕೊತ್ತಳಗಳು. ಅವು ಕಾವಲಿಗೆ ಇದ್ದವು, ಶತ್ರುವಿನ ಮೇಲೆ ಪಕ್ಕದಿಂದ ಗುಂಡು ಹಾರಿಸಲು ಇದ್ದವು, ಹಾಗೆಯೇ ಕಮಾನನ್ನು ಒತ್ತಿ ಹಿಡಿಯುವ ಭಾರವೂ ಆದವು. ಜೊತೆಗೆ ಚೂಪುಗಮಾನು ಅದೇ ಅಗಲದ ಅರ್ಧ ವೃತ್ತದಷ್ಟು ಪಕ್ಕಕ್ಕೆ ತಳ್ಳುವುದಿಲ್ಲ. ಮಕ್ಕಳಿಗೆ ಇದನ್ನು ತೋರಿಸಲು ಇಬ್ಬರನ್ನು ಎದುರುಬದುರು ನಿಲ್ಲಿಸಿ ಅಂಗೈಗೆ ಅಂಗೈ ಕೊಟ್ಟು ವಾಲಲು ಹೇಳಿ. ಪಾದ ಜಾರಿದ ಕ್ಷಣ ಇಬ್ಬರೂ ಬೀಳುತ್ತಾರೆ.

ಉಳಿಸುತ್ತಿಗೆ

ನಮ್ಮ ಮನೆತನದ್ದು ಕಲ್ಲು ಕೆಲಸ, ನಾನೂ ಮಾಡುತ್ತೇನೆ. ಕಂಬದ ಮಾತು ನಾನು ಹೇಳುತ್ತೇನೆ. ಫೋಟೋದಲ್ಲಿರುವುದು ಕಣಶಿಲೆ, ಊರಿನ ಬೆಟ್ಟದ್ದೇ ಕಲ್ಲು. ಎಡಗಡೆಯ ಎರಡು ಕಂಬ ನೋಡಿ: ಬುಡದಲ್ಲಿ ಚೌಕ, ನಡುವೆ ಚೌಕ, ತಲೆಯಲ್ಲಿ ಚೌಕ; ಚೌಕಗಳ ನಡುವಿನ ಭಾಗವನ್ನು ಮೂಲೆ ಹೊಡೆದು ಎಂಟು ಮುಖ ಮಾಡಿದ್ದಾರೆ. ಕಣಶಿಲೆಗೆ ಇದೇ ಸಹಜವಾದ ಕೆಲಸ. ಚೌಕದ ಕಲ್ಲು ತಂದು ಬೇಕಾದಲ್ಲಿ ಮೂಲೆ ಇಳಿಸಿದರೆ ಕಂಬಕ್ಕೆ ರೂಪ ಬರುತ್ತದೆ, ಉಳಿ ಹೆಚ್ಚು ಸವೆಯುವುದಿಲ್ಲ. ಚೌಕದ ಮುಖದಲ್ಲಿ ಮೀನು, ಹಾವು, ಹನುಮಂತನನ್ನು ಬೆರಳ ದಪ್ಪಕ್ಕಿಂತ ಕಡಿಮೆ ಎಬ್ಬಿಸಿ ಕೆತ್ತುತ್ತಾರೆ. ಇಲ್ಲಿ ನಡು ಚೌಕದಲ್ಲಿ ಹಾವು ಕಾಣುತ್ತಿದೆ.

ಹರಿಹರದ ಹರಿಹರೇಶ್ವರ ದೇವಸ್ಥಾನದ ಕಂಬಗಳ ಪಕ್ಕ ಇದನ್ನಿಟ್ಟು ನೋಡಿ. ಅದು ಹೊಯ್ಸಳರ ಕಾಲದ್ದು, 1224ರದ್ದು. ಅಲ್ಲಿಯ ಕಂಬಗಳು ಚರಕಿ ಹಿಡಿದಂತೆ ದುಂಡಗೆ, ಬಳೆ ಬಳೆಯಾಗಿ, ಕೈಯಾಡಿಸಿದರೆ ಜಾರುತ್ತವೆ. ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು. ಕಣಶಿಲೆಯಲ್ಲಿ ಆ ಕೆಲಸ ಮಾಡಿಸಿದ್ದರೆ ಕೆತ್ತುವವನ ಆಯುಸ್ಸು ಮುಗಿಯುತ್ತಿತ್ತು. ದುರ್ಗದವರಿಗೆ ಕಲೆ ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ಅವರ ಕೈಗೆ ಒಂದು ಉಳಿ ಕೊಡಿ.

ಇನ್ನೊಂದು ಗುರುತು ಕಂಬದ ತಲೆಯ ಮೇಲಿನ ಬೋದಿಗೆ. ತೊಲೆಯ ಕೆಳಗೆ ಎರಡೂ ಕಡೆ ಕೈ ಚಾಚಿದೆ, ಆ ಕೈಯ ತುದಿ ಕೆಳಕ್ಕೆ ಬಾಗಿ ಮೊಗ್ಗಿನ ಹಾಗೆ ತೂಗುತ್ತಿದೆ. ವಿಜಯನಗರದ ಮತ್ತು ಅದರ ನಂತರದ ನಾಯಕರ ದೇವಸ್ಥಾನಗಳಲ್ಲಿ ಈ ಮೊಗ್ಗು ಎಲ್ಲೆಲ್ಲೂ ಇದೆ. ಬಲಗಡೆಯ ಎರಡು ಕಂಬಕ್ಕೆ ಮೊಗ್ಗಿಲ್ಲ, ಎಂಟು ಮುಖವೂ ಇಲ್ಲ, ಬರೀ ಚೌಕ. ಒಂದೇ ಸಲ ನಿಲ್ಲಿಸಿದ ಕಂಬಗಳಾದರೆ ಹೀಗಿರುವುದಿಲ್ಲ. ಯಾವಾಗಲೋ ಮುರಿದು ಬದಲಾಯಿಸಿದ್ದಾರೆ, ಇಲ್ಲವೇ ಬೇರೆ ಕಡೆಯಿಂದ ತಂದದ್ದು.

ಶಾಲೆಯಂಗಳ

ಬಲಗಡೆಯ ಕಂಬಗಳು ಬೇರೆ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಒಂದು ಸಂದೇಹ: ಒಳಗೆ ಕಂಬಗಳನ್ನು ಇಷ್ಟು ಹತ್ತಿರ ಹತ್ತಿರ ನಿಲ್ಲಿಸಿ ಹೊರಗೆ ಮಾತ್ರ ಕಮಾನು ಏಕೆ? ಇಡೀ ಬಾಗಿಲನ್ನು ಒಂದೇ ರೀತಿಯಲ್ಲಿ ಕಟ್ಟಬಹುದಿತ್ತಲ್ಲ.

ಸಂದುಗೊಂದು

ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಎರಡು ಕಂಬಗಳ ಮೇಲೆ ಮಲಗಿಸಿದ ತೊಲೆಯ ಕೆಳಮೈ ಯಾವಾಗಲೂ ಎಳೆತದಲ್ಲಿರುತ್ತದೆ. ದಪ್ಪ ಅಷ್ಟೇ ಇಟ್ಟು ಉದ್ದ ಎರಡರಷ್ಟು ಮಾಡಿದರೆ ತೊಲೆಯ ಸ್ವಂತ ಭಾರದಿಂದಲೇ ಆ ಎಳೆತ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ಜಗಲಿಯ ಕಂಬಗಳು ಹತ್ತಿರ ಹತ್ತಿರ. ಅಲ್ಲಿ ಕಾವಲಿನವರು ಕೂರಬೇಕು, ಕಂಬ ಅಡ್ಡ ಬಂದರೆ ತೊಂದರೆಯಿಲ್ಲ. ನಡುವಿನ ದಾರಿಯಲ್ಲಿ ಹೇರು ಹೊತ್ತ ಎತ್ತುಗಳು, ಆನೆ ಹೋಗಬೇಕು, ಅಲ್ಲಿ ಕಂಬ ನಿಲ್ಲಿಸಲಾಗದು. ಸಣ್ಣ ಸಣ್ಣ ಕಲ್ಲುಗಳಿಂದ ಅಗಲವಾದ ಬಾಯಿ ದಾಟಿಸಲು ಕಮಾನೇ ಬೇಕು. ಕಮಾನಿನೊಳಗೆ ಎಲ್ಲ ಕಲ್ಲೂ ಒಂದನ್ನೊಂದು ಒತ್ತಿಕೊಂಡಿರುತ್ತವೆ, ಎಳೆತವೇ ಇರುವುದಿಲ್ಲ.

ಏಳುಸುತ್ತು

ಗುಮ್ಮಟದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಅದಾದರೂ ಇಸ್ಲಾಮಿ ಶೈಲಿ ಎಂದು ಒಪ್ಪುತ್ತೀರಾ?

ಸಂದುಗೊಂದು

ಫೋಟೋದಲ್ಲಿ ಗುಮ್ಮಟವೇ ಇಲ್ಲ ಎಂಬುದು ನನ್ನ ಅನಿಸಿಕೆ. ಗೋಡೆಯ ನೆತ್ತಿಯ ಮೇಲೆ ದುಂಡಗೆ ಕಾಣುವುದು ಬಾಗಿಲಿನ ಭಾಗವಲ್ಲ. ದೂರದಿಂದ ಜೂಮ್ ಮಾಡಿ ತೆಗೆದಾಗ ಹಿಂದಿನದು ಮುಂದಿನದಕ್ಕೆ ಅಂಟಿಕೊಂಡಂತೆ ಬರುತ್ತದೆ. ಅದರ ಬುಡವನ್ನು ನೋಡಿ: ದುಂಡು ಭಾಗದ ಕೆಳಗೆ ಕಿರಿದಾದ ಕುತ್ತಿಗೆ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾದ ಅಂತಸ್ತಿನ ಅಂಚು, ತುದಿಯಲ್ಲಿ ಕಳಸ. ಅದು ಹಿಂದೆ ಬಂಡೆಯ ಮೇಲಿರುವ ದೇವಸ್ಥಾನದ ಗೋಪುರದ ತಲೆ, ಇಟ್ಟಿಗೆ ಮತ್ತು ಗಾರೆಯದು. ಗುಮ್ಮಟವೆಂದರೆ ಒಳಗೆ ಟೊಳ್ಳಾಗಿ ಕೋಣೆಯೊಂದಕ್ಕೆ ತಾನೇ ಛಾವಣಿಯಾಗಬೇಕು, ಬಿಜಾಪುರದ ಗೋಳಗುಮ್ಮಟದಂತೆ. ಗೋಪುರದ ತಲೆ ಯಾವ ಕೋಣೆಯ ಛಾವಣಿಯೂ ಅಲ್ಲ.

ಗುಮ್ಮಟವಿರುವ ಕೋಟೆ ಬಾಗಿಲು ಇಲ್ಲವೆಂದಲ್ಲ. ಬೀದರ್ ಕೋಟೆಯ ಗುಂಬಜ್ ದರ್ವಾಜಾ ಇದೆ, ಹಂಪಿಯಲ್ಲೂ ಗುಮ್ಮಟ ಹೊತ್ತ ಬಾಗಿಲೊಂದಿದೆ. ಅಂಥದ್ದರ ಒಳಗೆ ನಿಂತು ತಲೆ ಎತ್ತಿದರೆ ನಾಲ್ಕು ಮೂಲೆಗಳನ್ನು ನೋಡಬೇಕು. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಬೇಕಾದರೆ ಪ್ರತಿ ಮೂಲೆಗೂ ಸಣ್ಣ ಕಮಾನು ಅಡ್ಡ ಹಾಕಿ ನಾಲ್ಕನ್ನು ಎಂಟು ಮಾಡಿ, ಆಮೇಲೆ ದುಂಡಿಗೆ ತರಬೇಕು.

ನಿಮ್ಮ ಎರಡನೇ ಫೋಟೋದಲ್ಲಿಯೂ ಮೂಲೆಗಳನ್ನು ಮುಚ್ಚಿದ್ದಾರೆ, ಆದರೆ ಬೇರೆ ರೀತಿಯಲ್ಲಿ. ನಾಲ್ಕು ತೊಲೆಗಳ ಚೌಕ, ಅದರ ನಾಲ್ಕು ಮೂಲೆಗೆ ಓರೆಯಾಗಿ ನಾಲ್ಕು ಚಪ್ಪಡಿ. ಈಗ ಒಳಗೆ ಇನ್ನೊಂದು ಚಿಕ್ಕ ಚೌಕ ತಿರುಗಿ ನಿಂತಿತು. ಅದರ ಮೇಲೆ ಮತ್ತೆ ನಾಲ್ಕು ಓರೆ ಚಪ್ಪಡಿ, ಕೊನೆಗೆ ಉಳಿದ ಕಿಂಡಿಗೆ ಕಮಲ ಕೆತ್ತಿದ ಒಂದೇ ಕಲ್ಲು. ದೇವಸ್ಥಾನಗಳ ನವರಂಗದ ಛಾವಣಿ ಹೀಗೆಯೇ ಮುಚ್ಚಿರುತ್ತದೆ. ಇಲ್ಲಿ ಎಲ್ಲ ಚಪ್ಪಡಿಯೂ ಮಲಗಿದೆ, ಯಾವುದೂ ಪಕ್ಕಕ್ಕೆ ತಳ್ಳುತ್ತಿಲ್ಲ.

ಏಳುಸುತ್ತು

ಗುಮ್ಮಟ ಬಿಡಿ. ಕಮಾನಿನ ಮೇಲೆ ನನ್ನ ಮಾತು ಹಾಗೆಯೇ ಇದೆ. ಫೋಟೋದ ಎಡಗಡೆ ಕಮಾನು ಮತ್ತು ಕೊತ್ತಳದ ನಡುವೆ ಮೇಲಿನಿಂದ ಕೆಳಗಿನವರೆಗೆ ನೇರ ಗೆರೆ ಕಾಣುತ್ತದೆ. ಕೊತ್ತಳದ ಕಲ್ಲುಗಳು ದೊಡ್ಡವು, ಗಾರೆಯಿಲ್ಲದೆ ಒಂದಕ್ಕೊಂದು ಕೂತಿವೆ. ಕಮಾನಿನವು ಚಿಕ್ಕವು, ಸಂದಿನಲ್ಲಿ ಸುಣ್ಣದ ಗಾರೆ. ಇದು ಆಮೇಲೆ ತಂದು ಸೇರಿಸಿದ್ದಲ್ಲದೆ ಇನ್ನೇನು?

ಸಂದುಗೊಂದು

ಈಗ ಹೇಳಿದ್ದು ಒಳ್ಳೆಯ ಸಾಕ್ಷಿ, ಸರ್. ಒಟ್ಟಿಗೆ ಕಟ್ಟಿದ ಗೋಡೆಗಳಲ್ಲಿ ಒಂದರ ಕಲ್ಲು ಇನ್ನೊಂದರೊಳಗೆ ಹೊಕ್ಕು ಹಲ್ಲು ಕಚ್ಚಿದಂತೆ ಕೂತಿರುತ್ತದೆ. ನೇರ ಗೆರೆ ಇದ್ದರೆ ಎರಡು ಬೇರೆ ಸಲ ಕಟ್ಟಿದ್ದು. ಇನ್ನೊಂದು ಸಂಗತಿಯೂ ನಿಮ್ಮ ಕಡೆಗಿದೆ: ಕಮಾನಿನ ಹಿಂದೆ, ಸ್ವಲ್ಪ ಒಳಗೆ, ಚಪ್ಪಟೆಯಾದ ದೊಡ್ಡ ಮೇಲ್ತೊಲೆ ಇದೆ. ಬಾಗಿಲಿನ ಕದಗಳು ತಿರುಗುತ್ತಿದ್ದ ಕುಳಿಗಳು ಆ ತೊಲೆಯ ಪಕ್ಕದ ಕಲ್ಲಿನಲ್ಲಿವೆ, ಕಮಾನಿನಲ್ಲಿಲ್ಲ. ಅಂದರೆ ಕಮಾನಿಲ್ಲದೆಯೂ ಆ ಬಾಗಿಲು ಪೂರ್ತಿಯಾದ ಬಾಗಿಲೇ.

ಆದರೆ ಇದರಿಂದ ಸಿಗುವುದು "ಆಮೇಲೆ" ಎಂಬುದು ಮಾತ್ರ. ಎಷ್ಟು ಆಮೇಲೆ? ನಾಯಕರು ತಲೆಮಾರಿನಿಂದ ತಲೆಮಾರಿಗೆ ಈ ಕೋಟೆಯನ್ನು ಬೆಳೆಸುತ್ತಾ ಬಂದವರು. ಅಜ್ಜನ ಬಾಗಿಲಿಗೆ ಮೊಮ್ಮಗ ಕಮಾನು ಸೇರಿಸಿದ್ದರೂ ನೇರ ಗೆರೆಯೇ ಬರುತ್ತದೆ, ಹೈದರ್ ಸೇರಿಸಿದ್ದರೂ ಅದೇ ಗೆರೆ. ಗಾರೆಯಿಂದಲೂ ಹೇಳಲಾಗದು, ಹಂಪಿಯಲ್ಲೂ ಗಾರೆ ಇತ್ತು. ಸಂದಿನಲ್ಲಿ ಕಾಣುವ ಬಿಳಿ ಈಚಿನ ದುರಸ್ತಿಯದ್ದೂ ಆಗಿರಬಹುದು. ಇನ್ನು ಬಲಗಡೆಯ ಕೂಡುವ ಜಾಗ ಫೋಟೋದಲ್ಲಿ ಗಿಡದ ಹಿಂದೆ ಮುಚ್ಚಿಹೋಗಿದೆ. ಅಲ್ಲಿ ಕಲ್ಲುಗಳು ಹಲ್ಲು ಕಚ್ಚಿದ್ದರೆ ಎಡಗಡೆಯದು ಬರೀ ಕುಸಿದು ಮತ್ತೆ ಕಟ್ಟಿದ ಗೋಡೆಯೂ ಆಗಬಹುದು.

ಏಳುಸುತ್ತು

ನೀವು ಏನೇ ಹೇಳಿ, ನನಗೆ ಅದು ಹೈದರನ ಕೈಕೆಲಸವೇ.

ಉಳಿಸುತ್ತಿಗೆ

ಒಂದು ಸಣ್ಣ ಗುರುತು ಸೇರಿಸುತ್ತೇನೆ. ಎಡಗಡೆ ಕೊತ್ತಳದ ಕೆಳಸಾಲಿನ ಮೂರನೇ ಕಲ್ಲನ್ನು ದೊಡ್ಡದು ಮಾಡಿ ನೋಡಿ. ಅಂಚಿನಲ್ಲಿ ಗೇಣಿಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ಚೌಕದ ಕುಳಿಗಳ ಅರ್ಧ ಭಾಗ ಕಾಣುತ್ತದೆ. ಬಂಡೆ ಸೀಳಲು ಬೆಣೆ ಹೊಡೆದ ಗುರುತು ಅದು, ಇನ್ನರ್ಧ ಎಲ್ಲೋ ಬೇರೆ ಕಲ್ಲಿನಲ್ಲಿರುತ್ತದೆ. ಕಮಾನಿನ ಕಲ್ಲುಗಳ ಮುಖದಲ್ಲಿ ಈ ಕುಳಿ ಇಲ್ಲ, ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದು ಮಟ್ಟ ಮಾಡಿದ್ದಾರೆ. ಕೆಲಸದ ಕೈ ಬೇರೆ ಎಂದು ನನಗೆ ಅನ್ನಿಸುತ್ತದೆ. ಕಾಲ ಬೇರೆಯೋ, ಅದೇ ದಿನ ಪಕ್ಕದಲ್ಲಿ ಕೂತ ಇನ್ನೊಬ್ಬನೋ, ಅದನ್ನು ಕಲ್ಲು ಹೇಳುವುದಿಲ್ಲ. ಕಮಾನಿನ ಕಲ್ಲಿಗೆ ಹೇಗೂ ನಯವಾದ ಕೆಲಸ ಬೇಕೇ ಬೇಕು, ಇಲ್ಲದಿದ್ದರೆ ಸಂದು ಕೂರುವುದಿಲ್ಲ.

ಶಾಲೆಯಂಗಳ

ಬಣ್ಣದ ಚೀಟಿ ಬದಲಾಯಿಸಿದೆ. ಕಮಾನಿಗೆ "ಬೆಣೆಗಲ್ಲುಗಳ ಚೂಪುಗಮಾನು, ದಖ್ಖನಿ ಬಗೆ, ಕಾಲ ಖಚಿತವಿಲ್ಲ". ಎಡಗಂಬಗಳಿಗೆ "ವಿಜಯನಗರ ಮತ್ತು ನಾಯಕರ ಬಗೆ". ಬಲಗಂಬಗಳಿಗೆ "ಬದಲಾಯಿಸಿದ್ದು ಇರಬಹುದು". ಛಾವಣಿಗೆ "ಓರೆ ಚಪ್ಪಡಿಗಳ ಮುಚ್ಚಿಗೆ, ಗುಮ್ಮಟವಲ್ಲ". ಗೋಪುರಕ್ಕೆ ಬಾಣವೇ ಬೇಡವೆಂದು ಬಿಟ್ಟಿದ್ದೇನೆ. ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಬಲಗಡೆಯ ಗಿಡವನ್ನು ಸ್ವಲ್ಪ ಸರಿಸಿ ಆ ಸಂದಿನ ಫೋಟೋ ತೆಗೆಯಲೇ?

ಉಳಿಸುತ್ತಿಗೆ

ಕೈಯಲ್ಲಿ ಸರಿಸಿ ಹಿಡಿದುಕೊಂಡು ಫೋಟೋ ತೆಗೆಯಿರಿ, ತಾಯಿ. ಕೀಳುವುದು ಮಾತ್ರ ಬೇಡ, ಮಕ್ಕಳಿಗೂ ಹೇಳಿಡಿ. ಎಲೆ ನೋಡಿದರೆ ಅರಳಿಯ ಜಾತಿ, ಬೇರು ಸಂದಿನೊಳಗೆ ಇಳಿದಿರುತ್ತದೆ. ಎಳೆದರೆ ಕಲ್ಲೂ ಸಡಿಲವಾಗುತ್ತದೆ. ಪುರಾತತ್ವ ಇಲಾಖೆಯ ಕಾವಲಿನವರಿಗೆ ಆ ಗಿಡವನ್ನು ತೋರಿಸಿ ಬನ್ನಿ.

ಸಂದುಗೊಂದು

ಫೋಟೋ ತೆಗೆಯುವಾಗ ಬೆಳಿಗ್ಗೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತು ನೋಡಿಕೊಳ್ಳಿ, ಸಂದು ಚೆನ್ನಾಗಿ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಅಡಿಕೋಲು ನಿಲ್ಲಿಸಿ. ನೆಲದಿಂದ ಆಳೆತ್ತರದವರೆಗೆ ಸಿಕ್ಕರೆ ಸಾಕು, ಕಚ್ಚಿದ ಕಲ್ಲು ಒಂದೇ ಒಂದು ಇದ್ದರೂ ಮಾತು ಮುಂದುವರಿಸಬಹುದು.